ಮೇಷ್ಟ್ರ ಲೆಕ್ಕ, ಇಲಾಖೆಯ ಲೆಕ್ಕ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಅಲ್ಲಿನ ಸರ್ಕಾರಿ ಪ್ರೌಢಶಾಲೆಯಿಂದ 2021ರ ಮೇ ಕೊನೆಯಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರು. 2026ರ ಮಾರ್ಚ್‌ನಲ್ಲಿ ಒಂದು ಸಂಜೆ ಬೆಂಗಳೂರಿನಿಂದ ಮಗನ ಫೋನು: "ಅಪ್ಪ, ನಿಮಗೆ ಇನ್‌ಕಮ್ ಟ್ಯಾಕ್ಸ್ ನೋಟಿಸು ಬಂದಿದೆ. 40 ಲಕ್ಷ ಎಫ್‌ಡಿ ಇಟ್ಟಿದ್ದೀರಿ, ರಿಟರ್ನ್ ಹಾಕಿಲ್ಲ ಅಂತಿದೆ." ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಬೆವತರು. 40 ಲಕ್ಷವನ್ನು ಅವರು ಒಟ್ಟಿಗೆ ಕಂಡದ್ದೇ ಇಲ್ಲ.

ಈ ಮೇಷ್ಟ್ರು ಒಬ್ಬ ವ್ಯಕ್ತಿಯಲ್ಲ. ಇಂಥ ನೋಟಿಸು ಪಡೆಯುವ ನಿವೃತ್ತರ ಚಹರೆಗಳನ್ನು ಸೇರಿಸಿ ಇಲ್ಲಿ ನಿಲ್ಲಿಸಿಕೊಂಡ ಮಾದರಿ. ಆದರೆ ಅವರ ಲೆಕ್ಕ ಮಾತ್ರ ಕಾನೂನಿನ ಲೆಕ್ಕವೇ.

ನೋಟಿಸು ಅಂಚೆಯಲ್ಲಿ ಬರಲಿಲ್ಲ. ಪಾನ್ ಜೊತೆ ಕೊಟ್ಟಿದ್ದ ಮಗನ ಇ–ಮೇಲ್‌ಗೆ ಬಂತು. ಎಷ್ಟೋ ಮನೆಗಳಲ್ಲಿ ಆ ಇ–ಮೇಲ್ ಹಳೆಯ ಸೈಬರ್ ಸೆಂಟರಿನವನದ್ದಾಗಿರುತ್ತದೆ. ಗಡುವು ಮುಗಿದ ಮೇಲೆಯೇ ವಿಷಯ ಗೊತ್ತಾಗುವುದು. ಮಗ ಮಾಡಿದ ಮೊದಲ ಕೆಲಸ ಸರಿಯಾಗಿತ್ತು. ಮೇಲ್‌ನಲ್ಲಿದ್ದ ಲಿಂಕ್ ಒತ್ತದೆ ನೇರವಾಗಿ incometax.gov.in ತಾಣಕ್ಕೆ ಹೋಗಿ, ಅಪ್ಪನ ಖಾತೆಯಲ್ಲಿ Pending Actions ಒಳಗಿನ e-Proceedings ತೆರೆದ. ನೋಟಿಸು ಅಲ್ಲೇ ಕೂತಿತ್ತು. ಅದರ ಮೇಲಿನ ಡಿಐಎನ್ ಸಂಖ್ಯೆಯನ್ನೂ ತಾಣದಲ್ಲಿ ಪರೀಕ್ಷಿಸಿ ನೋಡಿದ. 2019ರ ಅಕ್ಟೋಬರ್‌ನಿಂದ ಇಲಾಖೆಯ ಪತ್ರಗಳಿಗೆ ಈ ಸಂಖ್ಯೆ ಕಡ್ಡಾಯ. ನಕಲಿ ನೋಟಿಸು ಕಳಿಸಿ ದುಡ್ಡು ಕೀಳುವವರೂ ಇರುವ ಕಾಲದಲ್ಲಿ ಈ ಎರಡು ನಿಮಿಷ ದಂಡವಲ್ಲ.

ಎರಡನೆಯದು, ಯಾವ ವರ್ಷ ಎಂಬುದು. ನೋಟಿಸಿನಲ್ಲಿ ಇದ್ದದ್ದು 2022–23ರ ಅಸೆಸ್‌ಮೆಂಟ್ ವರ್ಷ. ಅಂದರೆ 2021ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗಿನ ಆದಾಯ. ಮೇಷ್ಟ್ರು ಆಗಲೇ 2022ರಿಂದ 2023ರ ಪಾಸ್‌ಬುಕ್ ಹುಡುಕಿಟ್ಟಿದ್ದರು. ಇದು ತೀರಾ ಸಾಮಾನ್ಯ ತಪ್ಪು: ಉತ್ತರವೆಲ್ಲ ಚೆಂದವಾಗಿದ್ದು, ಲಗತ್ತಿಸಿದ ಕಾಗದ ಮಾತ್ರ ಬೇರೆ ವರ್ಷದ್ದು.

ಮೂರನೆಯದು, ಯಾವ ಕಲಮು. 142(1)ರ ನೋಟಿಸು ಬಂದರೆ ರಿಟರ್ನ್ ಸಲ್ಲಿಸಿ ಎಂದು ಅಥವಾ ಕೇಳಿದ ವಿವರ ಕೊಡಿ ಎಂದು ಅರ್ಥ. ಮೇಷ್ಟ್ರಿಗೆ ಬಂದದ್ದು 148ಎ. ಹಳೆಯ ವರ್ಷದ ಲೆಕ್ಕವನ್ನು ಮತ್ತೆ ತೆರೆಯುವ ಮುನ್ನ ಇಲಾಖೆ ಕೇಳುವ ಪ್ರಶ್ನೆ ಅದು: "ನಿಮ್ಮ ಬಗ್ಗೆ ಈ ಮಾಹಿತಿ ಇದೆ. ತೆರಿಗೆಗೆ ಸಲ್ಲಬೇಕಾದ ಆದಾಯ ತಪ್ಪಿಸಿಕೊಂಡಂತೆ ಕಾಣುತ್ತದೆ. 148ರ ನೋಟಿಸು ಏಕೆ ಕೊಡಬಾರದು, ಹೇಳಿ." 2021ರಲ್ಲಿ ಬಂದ ಈ ಕಲಮು ಮನೆಯೊಳಗೆ ಬರುವ ಮುಂಚೆ ಬಾಗಿಲು ತಟ್ಟಿದ ಹಾಗೆ. ಸಾಮಾನ್ಯ ಪ್ರಕರಣದಲ್ಲಿ ಹೀಗೆ ತಟ್ಟಲು ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ಮೂರು ವರ್ಷ ಅವಕಾಶ. ಮೇಷ್ಟ್ರ ವರ್ಷಕ್ಕೆ ಅದು 2026ರ ಮಾರ್ಚ್ 31ಕ್ಕೆ ಮುಗಿಯುತ್ತಿತ್ತು. ಇಂಥ ನೋಟಿಸುಗಳು ಮಾರ್ಚ್‌ನಲ್ಲಿ ಮಳೆಯಂತೆ ಸುರಿಯುವುದು ಇದಕ್ಕೇ.

ಇನ್ನು 40 ಲಕ್ಷದ ಗುಟ್ಟು. ಒಂದು ವರ್ಷದಲ್ಲಿ ಒಬ್ಬರು 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಿಶ್ಚಿತ ಠೇವಣಿ ಇಟ್ಟರೆ ಬ್ಯಾಂಕು ಅದನ್ನು ಇಲಾಖೆಗೆ ವರದಿ ಮಾಡಬೇಕು. ಹಳೆಯ ಠೇವಣಿಯ ನವೀಕರಣ ಇದರಲ್ಲಿ ಸೇರುವುದಿಲ್ಲ. ಮೇಷ್ಟ್ರು ನಿವೃತ್ತಿಯ ಹಣದಲ್ಲಿ 20 ಲಕ್ಷವನ್ನು ಮೊದಲು ಮೂರು ತಿಂಗಳಿಗೆ ಇಟ್ಟರು. ಅದು ಮುಗಿದು ಹಣ ಉಳಿತಾಯ ಖಾತೆಗೆ ಬಂತು. ಅದೇ 20 ಲಕ್ಷವನ್ನು ಮತ್ತೆ ಐದು ವರ್ಷಕ್ಕೆ ಇಟ್ಟರು. ಕಾಗದದ ಮೇಲೆ ಇದು ನವೀಕರಣವಲ್ಲ, ಎರಡು ಹೊಸ ಠೇವಣಿ. ಒಂದೇ ದುಡ್ಡು ಎರಡು ಸಲ ಎಣಿಕೆಯಾಗಿ 40 ಲಕ್ಷವಾಯಿತು.

ಮೇಷ್ಟ್ರು ರಿಟರ್ನ್ ಹಾಕದೆ ಬಿಟ್ಟದ್ದೇಕೆ? ಅವರ ವಾದ ಪೂರ್ತಿ ಸುಳ್ಳೇನಲ್ಲ. ಆ ವರ್ಷ ಎರಡು ತಿಂಗಳ ಸಂಬಳ 1,24,000 ರೂಪಾಯಿ. ಹತ್ತು ತಿಂಗಳ ಪಿಂಚಣಿ 2,20,000. ಎರಡೂ ಸೇರಿ 3,44,000. ಇದರಲ್ಲಿ ಸಂಬಳ–ಪಿಂಚಣಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಹೋದರೆ 2,94,000. ಠೇವಣಿಯ ಬಡ್ಡಿ 88,000 ಸೇರಿಸಿದರೆ 3,82,000. ವಿಮಾ ಕಂತು ಇತ್ಯಾದಿಗೆ 80ಸಿ ಅಡಿ 36,000, ಹಿರಿಯ ನಾಗರಿಕರ ಬಡ್ಡಿಗೆ ಸಿಗುವ 80ಟಿಟಿಬಿ ಅಡಿ 50,000 ಕಳೆದರೆ ಉಳಿಯುವುದು 2,96,000. ಅರವತ್ತು ತುಂಬಿದವರಿಗೆ ಹಳೆಯ ಪದ್ಧತಿಯಲ್ಲಿ ಮಿತಿ 3 ಲಕ್ಷ. ತೆರಿಗೆ ಸೊನ್ನೆ. ಬ್ಯಾಂಕಿಗೆ 15ಎಚ್ ಫಾರಂ ಕೂಡ ಕೊಟ್ಟಿದ್ದರು, ಆದ್ದರಿಂದ ಬಡ್ಡಿಯ ಮೇಲೆ ಟಿಡಿಎಸ್ ಹಿಡಿಯಲಿಲ್ಲ. "ಫಾರಂ ಕೊಟ್ಟ ಮೇಲೆ ಇನ್ನೇನು?" ಎಂದು ಅವರು ಸುಮ್ಮನಾದರು.

ಎಡವಿದ್ದು ಇಲ್ಲೇ. ತೆರಿಗೆ ಎಷ್ಟು ಎಂಬುದು ಒಂದು ಪ್ರಶ್ನೆ, ರಿಟರ್ನ್ ಹಾಕಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ 80ಸಿ, 80ಟಿಟಿಬಿ ಎಲ್ಲ ಕಳೆದ ನಂತರದ ಮೊತ್ತ ನೋಡುತ್ತಾರೆ. ಎರಡನೆಯದಕ್ಕೆ ಇವನ್ನು ಕಳೆಯುವ ಮುಂಚಿನ ಮೊತ್ತ ನೋಡುತ್ತಾರೆ. ಮೇಷ್ಟ್ರದ್ದು 3,82,000, ಮಿತಿಗಿಂತ ಮೇಲೆ. ಆದ್ದರಿಂದ ಒಂದು ರೂಪಾಯಿ ತೆರಿಗೆ ಇಲ್ಲದಿದ್ದರೂ ರಿಟರ್ನ್ ಹಾಕಲೇಬೇಕಿತ್ತು. 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುವವರಿಗೂ ಇದೇ ಮಾತು. 15ಎಚ್ ಬ್ಯಾಂಕಿಗೆ ಕೊಡುವ ಚೀಟಿಯೇ ಹೊರತು ರಿಟರ್ನ್‌ಗೆ ಬದಲಿಯಲ್ಲ. ಬಜೆಟ್ ಮರುದಿನ "ಇಷ್ಟು ಲಕ್ಷದವರೆಗೆ ತೆರಿಗೆ ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆಯುವ ನಾವು ಪತ್ರಿಕೆಯವರೂ ಈ ಗೊಂದಲದಲ್ಲಿ ಪಾಲುದಾರರೇ.

ಊರಿನ ಆಡಿಟರ ಬಳಿ ಹೋದಾಗ ಮೇಷ್ಟ್ರು ತಾವೇ ಬರೆದ ಉತ್ತರ ಒಯ್ದಿದ್ದರು. ಎರಡೇ ಸಾಲು: ನಾನು ಬಡ ನಿವೃತ್ತ ಶಿಕ್ಷಕ, ನನಗೆ ತೆರಿಗೆಯ ಆದಾಯವಿಲ್ಲ, ದಯವಿಟ್ಟು ಕೈಬಿಡಿ.

"ಮೇಷ್ಟ್ರೇ, ಲೆಕ್ಕದ ಪರೀಕ್ಷೆಯಲ್ಲಿ ಹುಡುಗ ಉತ್ತರ ಮಾತ್ರ ಬರೆದು ಹಂತ ಬಿಟ್ಟರೆ ಎಷ್ಟು ಅಂಕ ಕೊಡ್ತಿದ್ರಿ?" ಎಂದರು ಆಡಿಟರು. ಮೇಷ್ಟ್ರು ಹಾಳೆ ವಾಪಸ್ ತೆಗೆದುಕೊಂಡರು.

ಹೊಸ ಉತ್ತರ ನೋಟಿಸಿನ ಕ್ರಮದಲ್ಲೇ ಸಾಗಿತು. ಮೊದಲು ಠೇವಣಿ: "40 ಲಕ್ಷ ಎಂದು ತೋರಿಸಿರುವುದು ಎರಡು ಬೇರೆ ಹಣವಲ್ಲ. ಮೊದಲ ಠೇವಣಿ ಮುಗಿದು ಅದರ ಅಸಲು ಉಳಿತಾಯ ಖಾತೆಗೆ ಜಮೆಯಾಗಿ, ಅದರಿಂದಲೇ ಎರಡನೆಯ ಠೇವಣಿ ಆಗಿದೆ. ಖಾತೆಯ ವಿವರದಲ್ಲಿ ಆ ಸಾಲುಗಳಿಗೆ ಗುರುತು ಹಾಕಿದೆ." ಆಮೇಲೆ ಮೂಲ: ಗ್ರಾಚ್ಯುಟಿ ಎಂಟೂವರೆ ಲಕ್ಷ, ಪಿಂಚಣಿ ಕಮ್ಯುಟೇಷನ್ ಎಂಟೂವರೆ ಲಕ್ಷ, ಗಳಿಕೆ ರಜೆಯ ನಗದು 5 ಲಕ್ಷ 70 ಸಾವಿರ. ಒಟ್ಟು 22 ಲಕ್ಷ 70 ಸಾವಿರ. ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿಯಲ್ಲಿ ಬರುವ ಈ ಮೂರಕ್ಕೂ ಪೂರ್ತಿ ವಿನಾಯಿತಿ ಇದೆ. ಪುರಾವೆಗೆ ಮಹಾಲೇಖಪಾಲರ ಕಚೇರಿಯಿಂದ ಬಂದಿದ್ದ ಗ್ರಾಚ್ಯುಟಿ ಮತ್ತು ಕಮ್ಯುಟೇಷನ್ ಆದೇಶಗಳು, ರಜೆ ನಗದಿನ ಮಂಜೂರಾತಿ, ಹಣ ಖಾತೆಗೆ ಬಿದ್ದ ದಿನದ ಪುಟ. ಕೊನೆಗೆ ಆದಾಯದ ಲೆಕ್ಕ, ಮೇಲಿನಂತೆ ಹಂತ ಹಂತವಾಗಿ, ವಿಮಾ ರಸೀದಿಗಳ ಸಮೇತ.

ರಿಟರ್ನ್ ಹಾಕದ ವಿಷಯಕ್ಕೆ ಒಂದೇ ವಾಕ್ಯ: ತೆರಿಗೆ ಶೂನ್ಯವೆಂಬ ಕಾರಣಕ್ಕೆ ಸಲ್ಲಿಸಿರಲಿಲ್ಲ, ತೆರಿಗೆಗೆ ಸಲ್ಲುವ ಯಾವ ಆದಾಯವೂ ತಪ್ಪಿಲ್ಲ. "ನನಗೆ ರಿಟರ್ನ್ ಕಡ್ಡಾಯವೇ ಇರಲಿಲ್ಲ" ಎಂದು ಬರೆಯಲಿಲ್ಲ. ಅದು ನಿಜವಲ್ಲ, ಅಧಿಕಾರಿಯ ಕಣ್ಣಿಗೆ ಮೊದಲು ಬೀಳುವುದೂ ಅದೇ. 148ಎ ಕೇಳುವುದು ಆದಾಯ ತಪ್ಪಿತೇ ಎಂದು. ಆ ಪ್ರಶ್ನೆಗೆ ಮೇಷ್ಟ್ರ ಬಳಿ ಗಟ್ಟಿ ಉತ್ತರವಿತ್ತು.

ಈ ಹಂತದಲ್ಲಿ ಗಡಿಬಿಡಿಯಿಂದ ಹಳೆಯ ವರ್ಷದ ರಿಟರ್ನ್ ತುಂಬಲು ಹೋಗುವವರಿದ್ದಾರೆ. ಆ ವರ್ಷದ ತಡವಾದ ರಿಟರ್ನ್‌ಗೆ ಕೊನೆಯ ದಿನ 2022ರ ಡಿಸೆಂಬರ್ 31ಕ್ಕೇ ಮುಗಿದಿತ್ತು. ಅಪ್‌ಡೇಟೆಡ್ ರಿಟರ್ನ್ ಎಂಬುದು ಹೆಚ್ಚುವರಿ ತೆರಿಗೆ ಕಟ್ಟುವವರಿಗಾಗಿ ಮಾಡಿದ ದಾರಿ. 148ಎಗೆ ಬೇಕಿರುವುದು ರಿಟರ್ನ್ ಅಲ್ಲ, ವಿವರಣೆ. ಕಾಗದ ಕೂಡಿಸಲು ಸಮಯ ಸಾಲದಿದ್ದರೆ ಗಡುವಿನೊಳಗೇ ಅದೇ ತಾಣದಲ್ಲಿ ಮುಂದೂಡಿಕೆ ಕೇಳಬಹುದು.

ಉತ್ತರ ಒಪ್ಪಿಗೆಯಾದರೆ 148ರ ನೋಟಿಸಿಗೆ ತಕ್ಕ ಪ್ರಕರಣವಲ್ಲ ಎಂದು ಆದೇಶವಾಗುತ್ತದೆ. ಆಗದಿದ್ದರೆ ಕಾರಣ ಬರೆದ ಆದೇಶದ ಜೊತೆ 148ರ ನೋಟಿಸು ಬರುತ್ತದೆ. ಆಗ ಅದರಲ್ಲಿ ಹೇಳಿದ ಅವಧಿಯೊಳಗೆ ರಿಟರ್ನ್ ಸಲ್ಲಿಸಿ, ಇದೇ ಕಾಗದಗಳನ್ನು ಮತ್ತೆ ಇಡಬೇಕು.

ಉತ್ತರವನ್ನೇ ಕೊಡದಿದ್ದರೆ? ಅಧಿಕಾರಿ ತಮ್ಮ ಬಳಿ ಇರುವುದರ ಮೇಲೆಯೇ ಆದೇಶ ಬರೆಯಬಹುದು. ಅವರ ಬಳಿ ಇರುವುದು 40 ಲಕ್ಷ ಎಂಬ ಅಂಕಿ. ಅದನ್ನು ಮೂಲ ತಿಳಿಸದ ಹೂಡಿಕೆ ಎಂದು ಎಣಿಸಿದರೆ ಆ ವರ್ಷಕ್ಕೆ ಅನ್ವಯಿಸುವ ದರ 60 ಪ್ರತಿಶತ. ಸರ್‌ಚಾರ್ಜ್, ಸೆಸ್ ಸೇರಿ 78 ಪ್ರತಿಶತ. ಅಂದರೆ 31 ಲಕ್ಷ 20 ಸಾವಿರ ರೂಪಾಯಿ. ಇದರ ಮೇಲೆ ಬಡ್ಡಿ, ದಂಡ ಬೇರೆ. ಸೊನ್ನೆ ತೆರಿಗೆಯ ಮೇಷ್ಟ್ರು ಮೌನದಿಂದಲೇ ಇಲ್ಲಿಗೆ ತಲುಪಬಹುದು.

ತೋಟದವರ ಕಥೆ ತುಸು ಬೇರೆ. ಅಡಿಕೆ ಮಾರಿದ ಹಣ ವರ್ಷದಲ್ಲಿ 10 ಲಕ್ಷ ದಾಟಿ ನಗದಾಗಿ ಉಳಿತಾಯ ಖಾತೆಗೆ ಬಿದ್ದರೂ ಬ್ಯಾಂಕಿನ ವರದಿ ಹೋಗುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಅದೊಂದೇ ಇದ್ದರೆ ಮಿತಿಯ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಪಹಣಿ ಮಾತ್ರ ಇಟ್ಟರೆ ಸಾಲದು. ಪಹಣಿ ಭೂಮಿಯನ್ನು ತೋರಿಸುತ್ತದೆ, ದುಡ್ಡನ್ನಲ್ಲ. ಮಂಡಿ ಅಥವಾ ಸೊಸೈಟಿಯ ಪಟ್ಟಿಯ ದಿನಾಂಕ, ಮೊತ್ತ ಖಾತೆಯ ಜಮೆಗೆ ತಾಳೆಯಾಗಬೇಕು.

ಉತ್ತರ ಕಳಿಸಿದ ಮೇಲೆ ಆಡಿಟರು ಮೇಷ್ಟ್ರ ಉಳಿದ ವರ್ಷಗಳನ್ನೂ ತೆರೆದರು. ಆನಂತರದ ಯಾವ ವರ್ಷಕ್ಕೂ ರಿಟರ್ನ್ ಇರಲಿಲ್ಲ. 2023–24ರ ಆದಾಯದಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ವ್ಯಾಪಾರ, ವೃತ್ತಿಯ ಆದಾಯವಿಲ್ಲದವರು ಹಳೆಯದು ಬೇಕೆಂದರೆ ಗಡುವಿನೊಳಗಿನ ರಿಟರ್ನ್‌ನಲ್ಲೇ ಆರಿಸಬೇಕು. ಹಾಕದವರಿಗೆ 80ಸಿ, 80ಟಿಟಿಬಿ ಕೈತಪ್ಪಿದಂತೆ. ಮೇಷ್ಟ್ರ ಪಿಂಚಣಿ, ಬಡ್ಡಿ ಸೇರಿದರೂ ಆ ವರ್ಷ 7 ಲಕ್ಷದೊಳಗೇ ಇದ್ದದ್ದರಿಂದ ರಿಯಾಯಿತಿಯಲ್ಲಿ ತೆರಿಗೆ ಮತ್ತೆ ಸೊನ್ನೆಯಾಯಿತು. ಮಗ ಅಷ್ಟರಲ್ಲಿ ಇ–ಮೇಲ್ ಬದಲಿಸಿ ಅಪ್ಪನದ್ದನ್ನೇ ಹಾಕಿದ್ದ. ಮೇಷ್ಟ್ರು ಎಐಎಸ್ ಮುದ್ರಿಸಿಕೊಂಡು, ಬ್ಯಾಂಕಿನ ಬಡ್ಡಿ ಸಾಲುಗಳಿಗೆ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕುತ್ತ ಕೂತರು.