ಕಪಾಟಿನ ಫೋಟೊ ಕೆಳಗಿನ ನಾಲ್ಕು ಸಾಲು

ಸಾಗರದ ಒಬ್ಬ ಬಡಗಿಯನ್ನು ಕಲ್ಪಿಸಿಕೊಳ್ಳಿ. ಗಿರಾಕಿಯ ಮನೆಯಲ್ಲಿ ಬಟ್ಟೆ ಕಪಾಟನ್ನು ಕೂರಿಸಿ, ಕೊನೆಯ ಹಿಡಿಕೆ ಬಿಗಿದು, ಧೂಳು ಒರೆಸಿ ಫೋಟೊ ತೆಗೆಯುತ್ತಾರೆ. ವಾಟ್ಸಾಪ್ ಸ್ಟೇಟಸ್‌ಗೆ ಹಾಕುವಾಗ ಕೆಳಗೆ ಬರೆಯುತ್ತಾರೆ: ‘ಸಾಗುವಾನಿ ವಾರ್ಡ್‌ರೋಬ್. ಬೇಕಾದವರು ಕರೆ ಮಾಡಿ.’ ಸಂಜೆಯೊಳಗೆ ಹದಿನೈದು ಕರೆ ಬರುತ್ತವೆ. ಎಲ್ಲರದೂ ಒಂದೇ ಪ್ರಶ್ನೆ: ‘ಎಷ್ಟಾಗುತ್ತೆ ಆಚಾರ್ರೇ?’

ಗೋಡೆ ಎಷ್ಟಗಲ, ಊರು ಯಾವುದು, ಒಳಗೆ ಏನೇನಿರಬೇಕು ಎಂಬುದೊಂದೂ ತಿಳಿಯದೆ ಅವರು ಒಂದು ಅಂದಾಜು ಹೇಳುತ್ತಾರೆ. ಮುಂದೆ ಕೆಲಸ ಶುರುವಾದ ಮೇಲೆ ಆ ಅಂದಾಜೇ ಜಗಳಕ್ಕೆ ಬೀಜವಾಗುತ್ತದೆ. ಮರ ಯಾವುದು, ಎಷ್ಟು ದಿನ ಬೇಕು, ದರ ಕೇಳುವುದು ಹೇಗೆ ಎಂಬ ಮೂರು ವಿಷಯ ಫೋಟೊ ಕೆಳಗೇ ಸರಿಯಾಗಿ ಬರೆದಿದ್ದರೆ ಆ ಜಗಳದ ಬಹುಪಾಲು ತಪ್ಪುತ್ತದೆ. ಬರೆಯುವ ಬಡಗಿಗೆ ಇದು ಎಷ್ಟು ಉಪಯೋಗವೋ ಓದುವ ಗಿರಾಕಿಗೂ ಅಷ್ಟೇ.

ಮೊದಲು ಮರ. ‘ಸಾಗುವಾನಿ ಕಪಾಟು’ ಎಂದು ಕರೆಯುವ ಹೆಚ್ಚಿನ ಕಪಾಟುಗಳಲ್ಲಿ ಸಾಗುವಾನಿ ಇರುವುದು ಕಣ್ಣಿಗೆ ಬೀಳುವ ಕಡೆ ಮಾತ್ರ. ಬಾಗಿಲಿನ ಚೌಕಟ್ಟು ಗಟ್ಟಿ ಮರದ್ದಾಗಿರುತ್ತದೆ. ಬಾಗಿಲಿನ ನಡುವಿನ ಹಲಗೆ ಪ್ಲೈವುಡ್, ಅದರ ಮೇಲೆ ಸಾಗುವಾನಿಯ ತೆಳು ಪದರ, ಅಂದರೆ ವಿನಿಯರ್. ಒಳಗಿನ ಪೆಟ್ಟಿಗೆ ಪೂರ್ತಿ ಪ್ಲೈವುಡ್. ಇದರಲ್ಲಿ ಮೋಸವೇನೂ ಇಲ್ಲ. ಎರಡಡಿ ಅಗಲದ ಗಟ್ಟಿ ಹಲಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಪ್ಲೈವುಡ್‌ನಲ್ಲಿ ಪದರಗಳನ್ನು ಅಡ್ಡಡ್ಡ ಜೋಡಿಸಿ ಅಂಟಿಸಿರುವುದರಿಂದ ಅದು ಅಷ್ಟು ಅಲುಗುವುದಿಲ್ಲ. ಯಾವ ಭಾಗ ಯಾವುದರಿಂದ ಎಂದು ಬರೆಯದೆ ಬಿಟ್ಟಾಗ ಮಾತ್ರ ತಪ್ಪಾಗುತ್ತದೆ.

ಗಿರಾಕಿ ಇದನ್ನು ತಾನೇ ನೋಡಿ ತಿಳಿಯಬಹುದು. ಬಾಗಿಲು ತೆರೆದು ಅದರ ಅಂಚನ್ನು ಗಮನಿಸಬೇಕು. ಗಟ್ಟಿ ಮರವಾದರೆ ಮುಖದ ಮೇಲಿನ ಗೆರೆಗಳು ಹಲಗೆಯ ತುದಿಗೆ ತಿರುಗಿ ಅಲ್ಲಿಯೂ ಮುಂದುವರಿದಿರುತ್ತವೆ. ವಿನಿಯರ್ ಆದರೆ ಗೆರೆ ಅಂಚಿಗೇ ನಿಂತು, ಅಲ್ಲಿ ಬೇರೆ ಮರದ ಪಟ್ಟಿ ಅಂಟಿಸಿರುವುದು ಕಾಣುತ್ತದೆ. ಸಾಗುವಾನಿಯಲ್ಲೂ ಬಾಳಿಕೆ ಇರುವುದು ಒಳಗಿನ ಕಂದು ಚೇಗಿಗೆ ಮಾತ್ರ. ಅದರ ಸುತ್ತಲಿನ ಬಿಳಿ ಭಾಗಕ್ಕೆ ಹುಳು ಬೀಳುತ್ತದೆ. ಪಾಲಿಶ್‌ಗೆ ಬಣ್ಣ ಬೆರೆಸಿದರೆ ಈ ಬಿಳಿಯೂ ಕಂದಾಗಿ ಕಾಣುವುದರಿಂದ ಪಾಲಿಶ್ ಹಚ್ಚುವ ಮೊದಲೇ ಹೋಗಿ ನೋಡುವುದು ಒಳ್ಳೆಯದು. ಮುಂದೊಂದು ದಿನ ಕಪಾಟಿನ ಕೆಳಗೆ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಸೇರಿದೆ ಎಂದೇ ಅರ್ಥ. ಪ್ಲೈವುಡ್‌ಗೂ ಗುರುತಿದೆ. ಹಾಳೆಯ ಮೇಲೆ ಐಎಸ್‌ಐ ಮುದ್ರೆಯ ಜೊತೆ ಐಎಸ್ 303 ಅಥವಾ ಐಎಸ್ 710 ಎಂದು ಅಚ್ಚಾಗಿರುತ್ತದೆ. ಎರಡನೆಯದು ನೀರಿಗೆ ಹೆಚ್ಚು ತಡೆಯುವ ದರ್ಜೆ. ಸ್ನಾನದ ಮನೆಗೆ ತಾಗಿದ ಗೋಡೆಯಿದ್ದರೆ ಅದನ್ನೇ ಕೇಳಬೇಕು.

ಇನ್ನು ದಿನಗಳ ಮಾತು. ‘ಒಂದು ತಿಂಗಳಲ್ಲಿ ಕೊಡ್ತೀನಿ’ ಎಂದಾಗ ಆ ತಿಂಗಳು ಯಾವತ್ತಿಂದ ಶುರು? ಗಿರಾಕಿ ಮೊದಲ ಕರೆಯ ದಿನದಿಂದ ಎಣಿಸುತ್ತಾರೆ, ಬಡಗಿ ಮುಂಗಡ ಕೈಸೇರಿದ ದಿನದಿಂದ. ಇವೆರಡರ ನಡುವೆ ನೆಲಕ್ಕೆ ಟೈಲ್ಸ್ ಹಾಕುವುದು ಬಾಕಿ ಇರಬಹುದು. ಟೈಲ್ಸ್ ಮತ್ತು ಗೋಡೆಯ ಗಾರೆ ಮುಗಿಯದೆ ತೆಗೆದ ಅಳತೆ ಕೊನೆಯ ಅಳತೆಯಲ್ಲ. ನೆಲ ಒಂದೂವರೆ ಇಂಚು ಏರಿದರೂ ಬೀಮ್ ಕೆಳಗೆ ಅಳೆದು ಮಾಡಿದ ಪೆಟ್ಟಿಗೆ ನಿಲ್ಲುವುದಿಲ್ಲ. ಆದ್ದರಿಂದ ‘ಕೊನೆಯ ಅಳತೆ ಮತ್ತು ಮುಂಗಡ ಎರಡೂ ಸಿಕ್ಕ ದಿನದಿಂದ’ ಎಂಬ ಮಾತು ಸಾಲಿನಲ್ಲಿ ಇರಲೇಬೇಕು.

ಒಂದು ಸಾಧಾರಣ ಕಪಾಟಿಗೆ 35 ದಿನ ಎಂದರೆ ಹೀಗೆ ಹಂಚಿಹೋಗುತ್ತದೆ: ನಕ್ಷೆ ಒಪ್ಪಿಸಿ ಸಾಮಾನು ತರಲು ಒಂದು ವಾರ, ಪೆಟ್ಟಿಗೆಗೆ ಒಂದು ವಾರ, ಬಾಗಿಲಿಗೆ ಹತ್ತು ದಿನ, ಪಾಲಿಶ್‌ಗೆ ಒಂದು ವಾರ, ಸಾಗಿಸಿ ಜೋಡಿಸಲು ಎರಡು ದಿನ, ಉಳಿದೆರಡು ದಿನ ಕೈಗಾವಲಿಗೆ. ಇದು ಮರ ಮೊದಲೇ ಒಣಗಿದ್ದರೆ ಮಾತ್ರ. ಹಸಿ ಮರವನ್ನು ಚೌಕಟ್ಟು ಮಾಡಿದರೆ ಅದು ಮನೆಯೊಳಗೇ ಒಣಗಿ ಮೂಲೆಯ ಸಂದು ಬಾಯಿಬಿಡುತ್ತದೆ, ಬಾಗಿಲು ಸೊಟ್ಟಗಾಗುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಲೆಕ್ಕ ಬೇರೆ. ತೇವದ ಗಾಳಿಯಲ್ಲಿ ಬಳಿದ ಪಾಲಿಶ್ ಬೇಗ ಒಣಗದೆ ಹಾಲು ಚೆಲ್ಲಿದಂತೆ ಬೆಳ್ಳಗೆ ಮಂಕಾಗುತ್ತದೆ. ಬಿಸಿಲು ಕಾಣುವ ದಿನಕ್ಕೆ ಕಾಯಲೇಬೇಕು. ಜುಲೈನಲ್ಲಿ ಹತ್ತು ದಿನ ಹೆಚ್ಚು ಕೇಳುವ ಬಡಗಿ ತನ್ನ ಕೆಲಸ ಬಲ್ಲವರು.

ದರದ ವಿಷಯಕ್ಕೆ ಒಂದು ಲೆಕ್ಕ ನೋಡೋಣ. ನಮ್ಮಲ್ಲಿ ಕಪಾಟಿನ ದರವನ್ನು ಸಾಮಾನ್ಯವಾಗಿ ಮುಂಭಾಗದ ಚದರಡಿಗೆ ಹೇಳುತ್ತಾರೆ. 6 ಅಡಿ ಅಗಲ, 7 ಅಡಿ ಎತ್ತರವಾದರೆ 42 ಚದರಡಿ. ಉದಾಹರಣೆಗೆ ಚದರಡಿಗೆ 1,500 ರೂಪಾಯಿ ಎಂದಿಟ್ಟುಕೊಂಡರೆ 63,000. ಮೇಲೆ ಎರಡಡಿಯ ಲಾಫ್ಟ್ ಸೇರಿದರೆ 54 ಚದರಡಿ, 81,000. ‘ಲಾಫ್ಟ್ ಬೇಕೇ’ ಎಂಬ ಒಂದೇ ಪ್ರಶ್ನೆ 18,000 ರೂಪಾಯಿಯದ್ದು.

ಚದರಡಿ ಲೆಕ್ಕ ಒಳಗಿನದನ್ನು ಹೇಳುವುದಿಲ್ಲ. ಅದೇ 42 ಚದರಡಿಯ, ಎರಡಡಿ ಆಳದ ಪೆಟ್ಟಿಗೆಗೆ ಎರಡು ಪಕ್ಕ, ನಡುವೆ ಒಂದು ಅಡ್ಡಗೋಡೆ, ಮೇಲೆ ಕೆಳಗೆ ಒಂದೊಂದು ಹಲಗೆ, ನಾಲ್ಕು ತಟ್ಟು ಎಂದರೆ 90 ಚದರಡಿ ಪ್ಲೈವುಡ್. ಎಂಟಡಿಗೆ ನಾಲ್ಕಡಿಯ ಒಂದು ಹಾಳೆ 32 ಚದರಡಿ, ಹಾಗಾಗಿ ಮೂರು ಹಾಳೆ ಸಾಕೆಂದು ಕಾಗದದ ಮೇಲೆ ತೋರುತ್ತದೆ. ಕತ್ತರಿಸಲು ಹೊರಟರೆ ಏಳಡಿಯ ಪ್ರತಿ ತುಂಡಿಗೂ ಒಂದಡಿ ಉಳಿಕೆ ಬಿದ್ದು, ನಾಲ್ಕನೆಯ ತಟ್ಟಿಗೆ ಜಾಗವಿಲ್ಲದೆ ನಾಲ್ಕನೆಯ ಹಾಳೆ ತರಬೇಕಾಗುತ್ತದೆ. ಡ್ರಾಯರ್ ಒಂದೊಂದು ಹೆಚ್ಚಿದಂತೆ ಹಲಗೆ, ಚಾನೆಲ್, ಕೂಲಿ ಎಲ್ಲವೂ ಏರುತ್ತವೆ. ಇಬ್ಬರು ಬಡಗಿಗಳು ಒಂದೇ ಚದರಡಿ ದರ ಹೇಳಿದರೂ ಒಬ್ಬರದರಲ್ಲಿ ಕೀಲು, ಬೀಗ, ಪಾಲಿಶ್, ಸಾಗಾಟ ಸೇರಿದ್ದು ಇನ್ನೊಬ್ಬರದರಲ್ಲಿ ಸೇರದೆ ಇರಬಹುದು. ದರಕ್ಕಿಂತ ಮೊದಲು ಆ ನಾಲ್ಕನ್ನು ಕೇಳಿ ಬರೆಸಿಕೊಳ್ಳಬೇಕು.

ಗಿರಾಕಿ ಕಳಿಸಬೇಕಾದ ಅಳತೆಯಲ್ಲೂ ಒಂದು ಸೂಕ್ಷ್ಮವಿದೆ. ಗೋಡೆಗಳು ನೇರವಾಗಿರುವುದು ಕಡಿಮೆ. ಅಗಲವನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು ಮೂರನ್ನೂ ಕಳಿಸಬೇಕು. ಪೆಟ್ಟಿಗೆ ಕೂರುವುದು ಅವುಗಳಲ್ಲಿ ಚಿಕ್ಕದಕ್ಕೆ. ಸ್ವಿಚ್ ಬೋರ್ಡ್, ಕಿಟಕಿ, ಬೀಮ್ ಎಲ್ಲವೂ ಕಾಣುವಂತೆ ಎದುರಿನಿಂದ ಒಂದು ಫೋಟೊ ಬೇಕು. ಮನೆ ಎಷ್ಟನೆಯ ಮಹಡಿ, ಲಿಫ್ಟ್ ಇದೆಯೇ ಎಂಬುದೂ ಬೇಕು. ಏಳಡಿಯ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ತಿರುಗದಿದ್ದರೆ ಬಿಡಿಬಿಡಿಯಾಗಿ ಒಯ್ದು ಅಲ್ಲೇ ಜೋಡಿಸಬೇಕಾಗುತ್ತದೆ, ಆ ಕೂಲಿ ಬೇರೆ.

ಇಷ್ಟೆಲ್ಲ ತಿಳಿದ ಮೇಲೆ ಸಾಗರದ ಆ ಫೋಟೊ ಕೆಳಗೆ ಹೀಗೆ ಬರೆಯಬಹುದು:

‘ಬಟ್ಟೆ ಕಪಾಟು, 6 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳ. ಬಾಗಿಲಿನ ಚೌಕಟ್ಟು ಸಾಗುವಾನಿ ಚೇಗು. ಬಾಗಿಲಿನ ಹಲಗೆ ಸಾಗುವಾನಿ ವಿನಿಯರ್ ಅಂಟಿಸಿದ ಪ್ಲೈವುಡ್. ಒಳಪೆಟ್ಟಿಗೆ 18 ಮಿ.ಮೀ. ಪ್ಲೈವುಡ್, ಐಎಸ್ 710. ಕೊನೆಯ ಅಳತೆ ಮತ್ತು ಮುಂಗಡ ಎರಡೂ ಸಿಕ್ಕ ದಿನದಿಂದ 35 ದಿನ, ಮಳೆಗಾಲದಲ್ಲಿ 45 ದಿನ. ದರ ಬೇಕಾದವರು ಗೋಡೆಯ ಅಳತೆ, ಎದುರಿನಿಂದ ತೆಗೆದ ಫೋಟೊ, ಊರು, ಮಹಡಿ, ಡ್ರಾಯರ್ ಎಷ್ಟು, ಲಾಫ್ಟ್ ಬೇಕೇ ಎಂಬುದನ್ನು ವಾಟ್ಸಾಪ್ ಮಾಡಿ. ಕೀಲು, ಬೀಗ, ಪಾಲಿಶ್, ಸಾಗಾಟ ಬಿಡಿಸಿ ತೋರಿಸಿ ಎರಡು ದಿನದಲ್ಲಿ ದರ ಬರೆದು ಕಳಿಸುತ್ತೇನೆ.’

ಈ ಸಾಲುಗಳನ್ನು ಓದಿದ ಮೇಲೆ ಬರುವ ಕರೆ ಹದಿನೈದರಿಂದ ನಾಲ್ಕಕ್ಕೆ ಇಳಿಯಬಹುದು. ಆದರೆ ಆ ನಾಲ್ವರೂ ಟೇಪು ಹಿಡಿದು ಗೋಡೆ ಅಳೆದವರಾಗಿರುತ್ತಾರೆ.