ಜಾಯ್ನಿಂಗ್ ದಿನ ಮುಂದಕ್ಕೆ ಹೋದಾಗ ಬರೆಯುವ ಪತ್ರ

2025ರ ಜೂನ್ 11, ಬುಧವಾರ. ಸಂಜೆ ಏಳರ ಹೊತ್ತಿಗೆ ತಂಗಿಯ ಮಗಳ ಫೋನ್ ಬಂತು. ಶುಕ್ರವಾರ ಹಳೆಯ ಕಂಪನಿಯಲ್ಲಿ ಅವಳ ಕೊನೆಯ ದಿನ, ಸೋಮವಾರ ಹೊಸ ಕಂಪನಿಗೆ ಸೇರಬೇಕು. 60 ದಿನದ ನೋಟಿಸ್ ಮುಗಿಯುತ್ತ ಬಂದು, ಲ್ಯಾಪ್‌ಟಾಪ್ ಹಿಂದಿರುಗಿಸುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ರಿಕ್ರೂಟರ್ ಕಡೆಯಿಂದ ಎರಡು ಸಾಲಿನ ಮೇಲ್: ನಿಮ್ಮ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಇನ್ನೂ ಮುಗಿದಿಲ್ಲ, ಸೇರುವ ದಿನ ಮುಂದೂಡಲಾಗಿದೆ, ಹೊಸ ದಿನಾಂಕ ತಿಳಿಸುತ್ತೇವೆ.

“ಮಾವ, ನಾನೇನು ತಪ್ಪು ಮಾಡಿದೀನಿ ಅಂತಾನೇ ಗೊತ್ತಾಗ್ತಿಲ್ಲ” ಅಂದಳು.

ಹಳೆಯ ಕಂಪನಿಯಲ್ಲಿ ಕೊನೆಯ ದಿನವನ್ನು ಎರಡು ವಾರ ಮುಂದೆ ಹಾಕಿಸಿಕೊಳ್ಳಲು ಕೇಳಿ ನೋಡಿದಳು. ಅವಳ ಕೆಲಸ ಬೇರೆಯವರ ಕೈಗೆ ಹೋಗಿಯಾಗಿತ್ತು, ಆಗಲಿಲ್ಲ. ಸಂಬಳ ಶುಕ್ರವಾರಕ್ಕೆ ನಿಲ್ಲುತ್ತದೆ, ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆಯೂ ಅದರ ಜೊತೆಗೇ ಹೋಗುತ್ತದೆ. ಪಿಜಿ ಬಾಡಿಗೆ ಮಾತ್ರ ಒಂದನೇ ತಾರೀಖಿಗೆ ಬಂದು ನಿಲ್ಲುತ್ತದೆ. ಗಾಬರಿಯಲ್ಲಿ ಅವಳು ಆಗಲೇ ಒಂದು ಮೇಲ್ ಕಳಿಸಿದ್ದಳು: ‘ದಯವಿಟ್ಟು ನನ್ನ ಬಿಜಿವಿ ಬೇಗ ಮುಗಿಸಿ ಕೊಡಿ.’ ಹತ್ತು ನಿಮಿಷದಲ್ಲಿ ಬಂದ ಉತ್ತರ: ‘ಪ್ರಕ್ರಿಯೆ ನಡೆಯುತ್ತಿದೆ.’

ನಾನು ಕೆಲವು ವರ್ಷ ಇಂಥ ಉತ್ತರ ಕಳಿಸುವ ಕಡೆ ಕೂತಿದ್ದವನು. ‘ಬೇಗ ಮುಗಿಸಿ’ ಎಂಬ ಮೇಲ್‌ಗೆ ರಿಕ್ರೂಟರ್ ಬಳಿ ಬೇರೆ ಉತ್ತರವೇ ಇರುವುದಿಲ್ಲ. ಯಾಕೆಂದರೆ ವೆರಿಫಿಕೇಶನ್ ಮಾಡುವುದು ಅವರಲ್ಲ. ಅಭ್ಯರ್ಥಿ ತುಂಬಿದ ಫಾರಂ ಮತ್ತು ಒಪ್ಪಿಗೆ ಪತ್ರ ಕಂಪನಿಯ ಬಿಜಿವಿ ತಂಡಕ್ಕೆ ಹೋಗುತ್ತದೆ. ಆ ತಂಡ ಹೊರಗಿನ ಒಂದು ಏಜೆನ್ಸಿಗೆ ಕೆಲಸ ವಹಿಸುತ್ತದೆ. ಏಜೆನ್ಸಿಯವರು ವಿಶ್ವವಿದ್ಯಾಲಯಕ್ಕೆ, ಹಿಂದಿನ ಕಂಪನಿಯ ಎಚ್‌ಆರ್‌ಗೆ, ಮನೆ ವಿಳಾಸಕ್ಕೆ ಬೇರೆಬೇರೆ ಜನರನ್ನು ಹಚ್ಚುತ್ತಾರೆ. ಈ ಸರಪಳಿಯ ಕೊನೆಯ ಕೊಂಡಿಯಲ್ಲಿ ಏನು ಸಿಕ್ಕಿಹಾಕಿಕೊಂಡಿದೆ ಎಂಬುದು ಮೊದಲ ಕೊಂಡಿಯಲ್ಲಿರುವ ರಿಕ್ರೂಟರ್‌ಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಅವರ ಪರದೆಯ ಮೇಲೆ ಕಾಣುವುದು ‘ಬಾಕಿ’ ಎಂಬ ಒಂದೇ ಪದ.

ಆದ್ದರಿಂದ ಪತ್ರದಲ್ಲಿ ಮೊದಲು ಕೇಳಬೇಕಾದದ್ದು ‘ಯಾವಾಗ’ ಅಲ್ಲ, ‘ಯಾವುದು’. ಬಿಜಿವಿ ಎಂದು ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ನಾಲ್ಕೈದು ಪ್ರತ್ಯೇಕ ಪರಿಶೀಲನೆಗಳಿರುತ್ತವೆ: ಗುರುತು, ವಿಳಾಸ, ಓದು, ಹಿಂದಿನ ಕೆಲಸ, ನ್ಯಾಯಾಲಯದ ದಾಖಲೆ. ಒಂದೊಂದೂ ಬೇರೆಬೇರೆ ವೇಗದಲ್ಲಿ ಸಾಗುತ್ತದೆ. ಗುರುತಿನ ಚೀಟಿ ಬೇಗ ಮುಗಿಯುತ್ತದೆ. ಪದವಿಯ ಅಸಲಿತನ ಕೇಳಿದ ಅರ್ಜಿ ವಿಶ್ವವಿದ್ಯಾಲಯದ ಮೇಜಿನ ಮೇಲೆ ಪರೀಕ್ಷೆ, ಫಲಿತಾಂಶದ ದಿನಗಳಲ್ಲಿ ವಾರಗಟ್ಟಲೆ ಕೂರಬಹುದು. ಈಗಿನ ಕಂಪನಿಯ ವಿಚಾರಣೆಯನ್ನು ಸಾಮಾನ್ಯವಾಗಿ ಅಭ್ಯರ್ಥಿ ಅಲ್ಲಿಂದ ಹೊರಬಿದ್ದ ಮೇಲೆಯೇ ಮಾಡುತ್ತಾರೆ, ಅದಕ್ಕಾಗಿ ಸೇರುವ ದಿನ ತಡೆಯುವುದು ಕಡಿಮೆ. ಹಾಗಾಗಿ ನಿಂತಿರುವುದು ಹೆಚ್ಚಾಗಿ ಒಂದೇ ಒಂದು ಕಡೆ.

ಗುರುವಾರ ಬೆಳಿಗ್ಗೆ ಅವಳು ಒಂದೇ ಪ್ರಶ್ನೆ ಕೇಳಿದಳು: ಯಾವ ಪರಿಶೀಲನೆ ಬಾಕಿ ಇದೆ, ನನ್ನಿಂದ ಏನಾದರೂ ದಾಖಲೆ ಬೇಕೆ? ಮಧ್ಯಾಹ್ನ ಉತ್ತರ ಬಂತು. ‘ಮೊದಲ ಕೆಲಸದ ಬಗ್ಗೆ ಮೇ 23ರಂದು ಇನ್‌ಸಫ್ ಎತ್ತಿದ್ದಾರೆ. ನಿಮ್ಮಿಂದ ಉತ್ತರ ಬಂದಿಲ್ಲ.’

ಇನ್‌ಸಫ್ ಎಂದರೆ ಇನ್‌ಸಫಿಶಿಯೆನ್ಸಿ, ದಾಖಲೆ ಸಾಲದು ಎಂದು ಏಜೆನ್ಸಿ ಅಭ್ಯರ್ಥಿಗೆ ಕಳಿಸುವ ಸೂಚನೆ. ಅದು ಹೋದ ದಿನದಿಂದ ಏಜೆನ್ಸಿಯ ಗಡಿಯಾರ ನಿಲ್ಲುತ್ತದೆ, ವಿಳಂಬ ಅಭ್ಯರ್ಥಿಯ ಲೆಕ್ಕಕ್ಕೆ ಬೀಳುತ್ತದೆ. ಆದರೆ ಮೇಲ್ ಬರುವುದು ಸೇರಲಿರುವ ಕಂಪನಿಯ ಹೆಸರಿನಿಂದಲ್ಲ, ಕೇಳಿಯೇ ಇರದ ಏಜೆನ್ಸಿಯ ಹೆಸರಿನಿಂದ. ಅವಳು ಹುಡುಕಿದಾಗ ಆ ಮೇಲ್ ಜಿಮೇಲ್‌ನ ‘Promotions’ ವಿಭಾಗದಲ್ಲಿ ಕುರ್ತಾ ರಿಯಾಯಿತಿಯ ಎರಡು ಮೇಲ್‌ಗಳ ನಡುವೆ ತೆರೆಯದೆ ಬಿದ್ದಿತ್ತು. ಇಪ್ಪತ್ತು ದಿನ ಅಲ್ಲೇ ಇತ್ತು.

ಅದರಲ್ಲಿದ್ದದ್ದು ಎರಡು ತಕರಾರು. ಒಂದು, 2019ರಿಂದ 2020ರವರೆಗೆ ಅವಳು 14 ತಿಂಗಳು ದುಡಿದ ಸಣ್ಣ ಕಂಪನಿಯ ಎಚ್‌ಆರ್ ವಿಳಾಸಕ್ಕೆ ಕಳಿಸಿದ ಮೇಲ್ ವಾಪಸ್ ಬರುತ್ತಿದೆ, ಕಚೇರಿಯ ಬಾಗಿಲು ಮುಚ್ಚಿದೆ. ಎರಡು, ಭವಿಷ್ಯ ನಿಧಿಯ ದಾಖಲೆಯಲ್ಲಿ ಆ ಕೆಲಸಕ್ಕೆ ಬಿಟ್ಟ ದಿನಾಂಕವೇ ಇಲ್ಲ.

ಎರಡನೆಯದು ಕಾಣುವಷ್ಟು ಸಣ್ಣದಲ್ಲ. ಪಿಎಫ್ ಇರುವ ಪ್ರತಿ ನೌಕರನಿಗೂ 12 ಅಂಕಿಯ ಯುಎಎನ್ ಇರುತ್ತದೆ. ಕಂಪನಿ ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲವಾದ್ದರಿಂದ ಎಲ್ಲ ಕೆಲಸಗಳ ಸೇರಿದ, ಬಿಟ್ಟ ದಿನಗಳು ಒಂದೇ ಪುಟದಲ್ಲಿ ಸಿಗುತ್ತವೆ. ಏಜೆನ್ಸಿಗಳು ಆ ಪುಟ ಕೇಳುವುದು ಏಕಕಾಲಕ್ಕೆ ಎರಡು ಕಡೆ ಸಂಬಳ ಪಡೆದವರನ್ನು ಹಿಡಿಯಲು. ಮುಚ್ಚಿಹೋದ ಕಂಪನಿಯವರು ಇವಳು ಬಿಟ್ಟ ದಿನವನ್ನು ನಮೂದಿಸಿರಲೇ ಇಲ್ಲ. ಆದ್ದರಿಂದ ಆ ಪುಟದ ಪ್ರಕಾರ ಅವಳು ಎರಡನೇ ಕಂಪನಿಯಲ್ಲಿದ್ದಷ್ಟು ಕಾಲವೂ ಮೊದಲನೆಯದರಲ್ಲೂ ಇದ್ದಳು!

ಇದನ್ನು ಸರಿಪಡಿಸುವ ದಾರಿ ಅವಳ ಕೈಯಲ್ಲೇ ಇತ್ತು. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ, ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ ‘Manage’ ಅಡಿಯ ‘Mark Exit’ ಮೂಲಕ ನೌಕರರೇ ಬಿಟ್ಟ ದಿನ ತುಂಬಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಸಾಕು. ಕಂಪನಿ ಕೊನೆಯ ವಂತಿಗೆ ಕಟ್ಟಿದ ತಿಂಗಳೊಳಗಿನ ದಿನಾಂಕವನ್ನೇ ಹಾಕಬೇಕು, ಮತ್ತು ಅದು ಅನುಭವ ಪತ್ರದಲ್ಲಿರುವ ದಿನವೇ ಆಗಿರಬೇಕು. ಒಮ್ಮೆ ತುಂಬಿದ್ದನ್ನು ತಿದ್ದಿಸುವುದು ಸುಲಭವಲ್ಲ. ಅವಳು ಕಾಗದ ಮುಂದಿಟ್ಟುಕೊಂಡು ಎರಡು ಸಲ ಓದಿ ತುಂಬಿದಳು.

ಮೊದಲ ತಕರಾರಿಗೆ ಬದಲಿ ಪುರಾವೆ ಬೇಕಿತ್ತು. ಮುಚ್ಚಿದ ಕಂಪನಿಯ ಪರವಾಗಿ ಮಾತಾಡುವವರು ಯಾರೂ ಇಲ್ಲದಿದ್ದಾಗ, ಕಂಪನಿಯವರು ತಿದ್ದಲಾಗದ ಮೂರನೆಯವರ ದಾಖಲೆಗೆ ಬೆಲೆ ಹೆಚ್ಚು. ಎಲ್ಲರೂ ಮೊದಲು ಫಾರ್ಮ್ 16 ಅಥವಾ 26ಎಎಸ್ ಹುಡುಕುತ್ತಾರೆ. ಆದರೆ ಸಂಬಳ ತೆರಿಗೆಯ ಮಿತಿಯೊಳಗಿದ್ದರೆ ಟಿಡಿಎಸ್ ಹಿಡಿದಿರುವುದಿಲ್ಲ, ಆ ಕಡೆ ಏನೂ ಸಿಗುವುದಿಲ್ಲ. ಮೊದಲ ಕೆಲಸದಲ್ಲಿ ಅವಳ ಸ್ಥಿತಿ ಅದೇ ಆಗಿತ್ತು. ಉಳಿದದ್ದು ಪಿಎಫ್ ಪಾಸ್‌ಬುಕ್ ಮತ್ತು ಆ 14 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಅದರಲ್ಲಿ ಪ್ರತಿ ತಿಂಗಳೂ ಕಂಪನಿಯ ಹೆಸರಿನಿಂದ ಸಂಬಳ ಬಿದ್ದಿತ್ತು. ಬ್ಯಾಂಕಿನಿಂದ ಇಳಿಸಿದ ಪಿಡಿಎಫ್ ಅನ್ನು ಹಾಗೆಯೇ ಕೊಡಬೇಕು. ಸ್ವಂತ ಖರ್ಚು ಮುಚ್ಚಲು ಮೇಲೆ ಕಪ್ಪು ಬಳಿದರೆ ತಿದ್ದಿದ್ದಾರೆಂಬ ಅನುಮಾನ ಬರುತ್ತದೆ. ಜೊತೆಗೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಕಂಪನಿಯ ಹೆಸರಿನ ಮುಂದೆ ‘Strike Off’ ಎಂದಿರುವುದು ಸಿಕ್ಕಿತು. ಕಂಪನಿ ಮುಚ್ಚಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇಷ್ಟಾದ ಮೇಲೆಯೇ ನಿಜವಾದ ಪತ್ರ. ಕಳಿಸಿದ್ದು ಇಂಗ್ಲಿಷಿನಲ್ಲಿ, ಸಾರ ಹೀಗಿತ್ತು:

“ವಿಷಯ: ಅಭ್ಯರ್ಥಿ ಸಂಖ್ಯೆ (ಇಂಥದ್ದು), ಜೂನ್ 16ರ ಸೇರ್ಪಡೆ – ಇನ್‌ಸಫ್‌ಗೆ ದಾಖಲೆ ಸಲ್ಲಿಕೆ

ನಮಸ್ಕಾರ ಮೇಡಂ,

ಮೊದಲ ಕೆಲಸದ ಬಗ್ಗೆ ಮೇ 23ರಂದು ಏಜೆನ್ಸಿ ಕಳಿಸಿದ ಸೂಚನೆಯನ್ನು ನಾನು ನೋಡಿರಲಿಲ್ಲ. ಅದು ನನ್ನ ಕಡೆಯ ತಪ್ಪು. ಇಂದು ಏಜೆನ್ಸಿಯ ಪೋರ್ಟಲ್‌ನಲ್ಲಿ ಉತ್ತರ ಸಲ್ಲಿಸಿದ್ದೇನೆ.

ಆ ಕಂಪನಿ ಮುಚ್ಚಿದೆ; ಸಚಿವಾಲಯದ ದಾಖಲೆಯ ಪ್ರತಿ ಸೇರಿಸಿದ್ದೇನೆ. ಎಚ್‌ಆರ್‌ನ ಉತ್ತರಕ್ಕೆ ಬದಲಾಗಿ ನೇಮಕಾತಿ ಪತ್ರ, ಅನುಭವ ಪತ್ರ, ಪಿಎಫ್ ಪಾಸ್‌ಬುಕ್ ಮತ್ತು 14 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟಿದ್ದೇನೆ. ಪಿಎಫ್‌ನಲ್ಲಿ ಬಿಟ್ಟ ದಿನವನ್ನು ಕಂಪನಿ ನಮೂದಿಸಿರಲಿಲ್ಲ. ಇಂದು ನಾನೇ ನಮೂದಿಸಿದ್ದೇನೆ.

ಜೂನ್ 13 ಹಳೆಯ ಕಂಪನಿಯಲ್ಲಿ ನನ್ನ ಕೊನೆಯ ದಿನ. ದಯವಿಟ್ಟು ಎರಡು ವಿಷಯ ತಿಳಿಸಿ. ಈ ದಾಖಲೆಗಳನ್ನು ಬದಲಿ ಪುರಾವೆಯಾಗಿ ಒಪ್ಪುವ ನಿರ್ಧಾರ ಯಾರದು, ಅದಕ್ಕೆ ಎಷ್ಟು ದಿನ ಬೇಕು? ಈ ಒಂದು ಪರಿಶೀಲನೆ ಬಾಕಿ ಇಟ್ಟುಕೊಂಡು, ಫಲಿತಾಂಶಕ್ಕೆ ಬದ್ಧಳಾಗಿ ಸೇರಲು ಅವಕಾಶವಿದೆಯೆ? ಇಲ್ಲವಾದರೆ ಆಫರ್ ಇನ್ನೂ ಊರ್ಜಿತದಲ್ಲಿದೆ ಎಂದೂ, ಪರಿಷ್ಕೃತ ದಿನಾಂಕವನ್ನೂ ಮೇಲ್ ಮೂಲಕ ತಿಳಿಸಬೇಕಾಗಿ ವಿನಂತಿ.”

ಈ ಪತ್ರದಲ್ಲಿ ಬಾಡಿಗೆಯ ಮಾತಿಲ್ಲ, ಅಮ್ಮನ ಆತಂಕವಿಲ್ಲ. ಅವು ಸುಳ್ಳೆಂದಲ್ಲ. ರಿಕ್ರೂಟರ್ ಇದನ್ನು ಬಿಜಿವಿ ತಂಡಕ್ಕೆ, ಅವರು ಏಜೆನ್ಸಿಗೆ ‘ಫಾರ್ವರ್ಡ್’ ಒತ್ತಿ ಕಳಿಸುತ್ತಾರೆ. ಮೂರನೆಯ ಕೈ ಓದಿದಾಗಲೂ ಅರ್ಥವಾಗುವಂತಿರಬೇಕು. ತನ್ನ ತಪ್ಪನ್ನು ಒಂದೇ ವಾಕ್ಯದಲ್ಲಿ ಒಪ್ಪಿದ್ದಾಳೆ, ಅದರಿಂದ ಯಾರ ತಪ್ಪು ಎಂಬ ವಾದ ಅಲ್ಲಿಗೇ ನಿಂತಿತು. ಕೊನೆಯ ಪ್ರಶ್ನೆಗಳಿಗೆ ‘ಪ್ರಕ್ರಿಯೆ ನಡೆಯುತ್ತಿದೆ’ ಎಂದು ಉತ್ತರಿಸಲಾಗದು. ಆಫರ್ ಊರ್ಜಿತದಲ್ಲಿದೆ ಎಂಬ ಸಾಲು ಬರಹದಲ್ಲಿ ಬೇಕು, ಫೋನಿನಲ್ಲಿ ಹೇಳಿದ್ದು ನಾಳೆ ಲೆಕ್ಕಕ್ಕೆ ಬಾರದು.

ಆಧಾರ್, ಪಾಸ್‌ಬುಕ್‌ಗಳನ್ನು ಮೇಲ್‌ಗೆ ಲಗತ್ತಿಸದೆ ಪೋರ್ಟಲ್‌ಗೇ ಏರಿಸಿದ್ದೂ ಬೇಕೆಂದೇ. ಫಾರ್ವರ್ಡ್ ಆಗುವ ಮೇಲ್ ಎಲ್ಲೆಲ್ಲಿ ಹೋಗುತ್ತದೋ ಹೇಳಲಾಗದು. ಇನ್ನೊಂದು ಮಾತು: ಬಿಜಿವಿ ಶುಲ್ಕ ಕಟ್ಟಿದರೆ ಬೇಗ ಮುಗಿಯುತ್ತದೆ ಎಂದು ಯಾರಾದರೂ ಅಭ್ಯರ್ಥಿಯನ್ನೇ ಕೇಳಿದರೆ ಅದು ಮೋಸ. ಏಜೆನ್ಸಿಗೆ ಹಣ ಕೊಡುವುದು ಕಂಪನಿ.

ಶುಕ್ರವಾರ ಸಂಜೆ ಉತ್ತರ ಬಂತು. ಬಾಕಿ ಇಟ್ಟುಕೊಂಡು ಸೇರಿಸಿಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ, ಆದರೆ ಆಫರ್ ಊರ್ಜಿತ, ದಿನಾಂಕ ಜೂನ್ 30, ಸೋಮವಾರ. ಏಜೆನ್ಸಿ ತನ್ನ ವರದಿಯಲ್ಲಿ ಆ ಕೆಲಸಕ್ಕೆ ಹಸಿರು ಕೊಡಲಿಲ್ಲ, ಕೆಂಪೂ ಕೊಡಲಿಲ್ಲ. ಕಂಪನಿ ಮುಚ್ಚಿದೆ, ಬದಲಿ ದಾಖಲೆ ನೋಡಲಾಗಿದೆ ಎಂದು ಅಂಬರ್ ಬಣ್ಣ ಹಾಕಿತು. ಅಂಬರ್ ಎಂದರೆ ನಿರ್ಧಾರ ಕಂಪನಿಗೆ ಬಿಟ್ಟದ್ದು. ಅಲ್ಲಿನ ಎಚ್‌ಆರ್ ಮುಖ್ಯಸ್ಥರು ಸಹಿ ಹಾಕಿದರು.

ಹದಿನಾರು ದಿನದ ಸಂಬಳ ಹೋಯಿತು. ಸೇರುವ ಮೊದಲಿನ ದಿನಗಳಿಗೆ ಸಂಬಳ ಕೊಡುತ್ತೇವೆಂದು ಆಫರ್ ಲೆಟರ್‌ನಲ್ಲಿ ಇರಲಿಲ್ಲ, ಬಿಜಿವಿ ಮುಗಿದ ಮೇಲೆಯೇ ಸೇರ್ಪಡೆ ಎಂಬ ಷರತ್ತಿಗೆ ಅವಳೇ ಏಪ್ರಿಲ್‌ನಲ್ಲಿ ಸಹಿ ಮಾಡಿದ್ದಳು. ಪತ್ರ ಆ ಹದಿನಾರು ದಿನವನ್ನು ವಾಪಸ್ ತರಲಿಲ್ಲ. ಅದು ಹದಿನಾರಕ್ಕೇ ನಿಲ್ಲಿಸಿತು.

ಜೂನ್ 30ರ ರಾತ್ರಿ ಮತ್ತೆ ಫೋನ್ ಮಾಡಿದಳು. ಜೊತೆಗೆ ಸೇರಬೇಕಿದ್ದ ಒಬ್ಬ ಹುಡುಗ ಬಂದಿರಲಿಲ್ಲವಂತೆ, ಅವನದೂ ಬಿಜಿವಿ ಬಾಕಿ. “ಏನು ಹೇಳಿದೆ ಅವನಿಗೆ?” ಎಂದೆ.

“ಮೊದಲು ಪ್ರಮೋಷನ್ಸ್ ನೋಡು ಅಂದೆ ಮಾವ.”