ನಿಮಗಿದು ಗೊತ್ತೆ? ಹರಾಜಿನ ಹಣ ಯಾರ ಜೇಬಿಗೆ?

2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್‌ಗಾಗಿ ಲಖನೌ ತಂಡದ ಕೂಗು 20.75 ಕೋಟಿ ರೂಪಾಯಿಗೆ ನಿಂತಿತು. ಹಳೆಯ ತಂಡ ಡೆಲ್ಲಿ, ಅದೇ ಬೆಲೆಗೆ ಅವರನ್ನು ಉಳಿಸಿಕೊಳ್ಳುವ ‘ರೈಟ್ ಟು ಮ್ಯಾಚ್’ ಹಕ್ಕು ಚಲಾಯಿಸಿತು. ನಿಯಮದಂತೆ ಕೊನೆಯದಾಗಿ ಒಮ್ಮೆ ಬೆಲೆ ಏರಿಸುವ ಅವಕಾಶ ಲಖನೌಗೆ ಸಿಕ್ಕಿತು. ಅದು ನೇರವಾಗಿ 27 ಕೋಟಿ ಎಂದಿತು. ಡೆಲ್ಲಿ ಹಿಂದೆ ಸರಿಯಿತು.

ಅಷ್ಟು ದೊಡ್ಡ ಮೊತ್ತದಲ್ಲಿ ಡೆಲ್ಲಿಗೆ ಬಿಡಿಗಾಸೂ ಇಲ್ಲ! 27 ಕೋಟಿ ಎಂಬುದು ಪಂತ್ ಅವರ ಒಂದು ಋತುವಿನ ಸಂಭಾವನೆ. ಪ್ರತಿ ತಂಡದ ಥೈಲಿಯೂ 120 ಕೋಟಿಗೆ ಸೀಮಿತವಾಗಿದ್ದರಿಂದ, ಒಬ್ಬರಿಗೆ ಹೆಚ್ಚು ಸುರಿದರೆ ಉಳಿದವರಿಗೆ ಕಡಿಮೆ.

ಯುರೋಪಿನ ಫುಟ್‌ಬಾಲ್‌ನಲ್ಲಿ ಲೆಕ್ಕವೇ ಬೇರೆ. 2017ರಲ್ಲಿ ನೇಮಾರ್ ಪಿಎಸ್‌ಜಿ ಸೇರಿದಾಗ ಬಾರ್ಸಿಲೋನಾಗೆ 22.2 ಕೋಟಿ ಯೂರೊ ಸಂದಿತು. ಅದು ಒಪ್ಪಂದ ಮುರಿದುದಕ್ಕೆ ತೆತ್ತ ಬೆಲೆ. ಆಟಗಾರನ ಸಂಬಳ ಪ್ರತ್ಯೇಕ. ಅಲ್ಲಿ ಆಟಗಾರ ಒಪ್ಪದೆ ವರ್ಗಾವಣೆ ಆಗದು. ಹರಾಜಿನಲ್ಲಿ ಮಾತ್ರ, ಹೆಸರು ಕೊಟ್ಟ ಮೇಲೆ ತಂಡದ ಆಯ್ಕೆ ಆಟಗಾರನ ಕೈಯಲ್ಲಿಲ್ಲ.

ಅಮೆರಿಕದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಕೂಗಾಟವೇ ಇಲ್ಲ. ಹೊಸ ಆಟಗಾರರನ್ನು ಆರಿಸುವ ಮೊದಲ ಸರದಿ, ಹಿಂದಿನ ಋತುವಿನಲ್ಲಿ ತೀರಾ ಕಳಪೆಯಾಗಿ ಆಡಿದ ತಂಡದ್ದು. ಬೇಕಿದ್ದರೆ ಆ ಸರದಿಯನ್ನೇ ಬೇರೆ ತಂಡಕ್ಕೆ ಬಿಟ್ಟುಕೊಟ್ಟು ವಿನಿಮಯ ಮಾಡಿಕೊಳ್ಳಬಹುದು.